ಹಿಡಿದ ಎರಡು ದಿನದ ಸಂಬಳ ಮತ್ತು 'ಮನೆಯವರ ಹಾಗೆ' ಎಂಬ ಮಾತು

ಪ್ರಶ್ನೆ: ನಮ್ಮ ಮನೆಯಲ್ಲಿ ಒಂಬತ್ತು ವರ್ಷಗಳಿಂದ ಒಬ್ಬರು ಕೆಲಸ ಮಾಡುತ್ತಿದ್ದಾರೆ. ಪಾತ್ರೆ, ಕಸ, ನೆಲ, ಬಚ್ಚಲು, ಎಲ್ಲ ಸೇರಿ ದಿನಕ್ಕೆ ಎರಡು ಗಂಟೆ. ತಿಂಗಳಿಗೆ 4,000 ರೂಪಾಯಿ. ವಾರದ ರಜೆ ಎಂದು ಇಲ್ಲ, ಬೇಕಾದಾಗ ಕೇಳಿ ತೆಗೆದುಕೊಳ್ಳುತ್ತಾರೆ. ಹಬ್ಬಕ್ಕೆ ಸೀರೆ ಕೊಡುತ್ತೇವೆ, ಮಗಳ ಮದುವೆಗೆ 40,000 ಸಾಲ ಕೊಟ್ಟಿದ್ದೇವೆ, ಇನ್ನೂ ಅರ್ಧ ಬಾಕಿಯಿದೆ. ಮನೆಯವರ ಹಾಗೆಯೇ ನೋಡಿಕೊಂಡಿದ್ದೇವೆ. ದಸರೆಗೆ ಬಂದು ಹನ್ನೆರಡು ದಿನ ಇದ್ದ ನೆಂಟರು ಹೊರಟ ಮೇಲೆ ಅವರು ಎರಡು ದಿನ ಹೇಳದೆ ಬರಲಿಲ್ಲ. ಸಂಬಳದಲ್ಲಿ ಹಿಡಿದೆವು. ಅಂದಿನಿಂದ ಸರಿಯಾಗಿ ಮಾತಾಡುತ್ತಿಲ್ಲ. ಕಾಲೇಜಿಗೆ ಹೋಗುವ ನಮ್ಮ ಮಗಳು, "ಅವರ ಲೋಟವೇ ಬೇರೆ ಇಟ್ಟಿದ್ದೀರಿ, ಮನೆಯವರ ಹಾಗೆ ಅಂತ ಹೇಗೆ ಹೇಳುತ್ತೀರಿ" ಎಂದು ಕೇಳುತ್ತಾಳೆ. ನಮ್ಮಿಂದ ಏನು ತಪ್ಪಾಗಿದೆ?

ಉತ್ತರ: ಹಿಡಿದ ಸಂಬಳದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿ ಲೆಕ್ಕ ಮಾಡಿ ನೋಡಬಹುದಾದ ಸಂಗತಿಯೊಂದಿದೆ. ತಿಂಗಳಿಗೆ 4,000 ಎಂದರೆ ದಿನಕ್ಕೆ ಸುಮಾರು 133 ರೂಪಾಯಿ. ಎರಡು ದಿನಕ್ಕೆ ನೀವು ಹಿಡಿದದ್ದು 267 ರೂಪಾಯಿ ಇರಬೇಕು. ಇದೇ ಲೆಕ್ಕದಲ್ಲಿ ಅವರ ಒಂದು ಗಂಟೆಯ ದುಡಿಮೆಗೆ ನೀವು ಕೊಡುತ್ತಿರುವುದು 67 ರೂಪಾಯಿಗೆ ಸ್ವಲ್ಪ ಕಡಿಮೆ. ಈಗ ನೆಂಟರಿದ್ದ ಹನ್ನೆರಡು ದಿನಗಳನ್ನು ನೆನಪಿಸಿಕೊಳ್ಳಿ. ಮನೆಯಲ್ಲಿ ನಾಲ್ಕೈದು ಜನ ಹೆಚ್ಚಾದರೆ ಸಿಂಕಿನಲ್ಲಿ ಬೀಳುವ ಮುಸುರೆ ಪಾತ್ರೆ ಎಷ್ಟು, ಬಚ್ಚಲು ಎಷ್ಟು ಸಲ ತೊಳೆಯಬೇಕು, ಒರೆಸಿದ ನೆಲವನ್ನು ಮತ್ತೆ ಒರೆಸಬೇಕಾಗುವುದು ಎಷ್ಟು ಸಲ ಎಂಬುದು ನಿಮಗೆ ಗೊತ್ತು. ದಿನಕ್ಕೆ ಮುಕ್ಕಾಲು ಗಂಟೆ ಹೆಚ್ಚಿಗೆ ಹಿಡಿಯಿತು ಎಂದಿಟ್ಟುಕೊಂಡರೂ ಹನ್ನೆರಡು ದಿನಕ್ಕೆ ಒಂಬತ್ತು ಗಂಟೆ ಆಯಿತು. ನಿಮ್ಮದೇ ದರದಲ್ಲಿ ಅದು 600 ರೂಪಾಯಿ. ಆ 600 ರೂಪಾಯಿಯನ್ನು ಕೊಡಬೇಕೆಂಬುದು ನಿಮಗೆ ಹೊಳೆಯಲಿಲ್ಲ; 267 ರೂಪಾಯಿಯನ್ನು ಹಿಡಿಯಬೇಕೆಂಬುದು ಮಾತ್ರ ಹೊಳೆಯಿತು.

ನೀವು ಜಿಪುಣರೆಂದು ನಾನು ಹೇಳುತ್ತಿಲ್ಲ. ಮಗಳ ಮದುವೆಗೆ 40,000 ಕೊಟ್ಟವರನ್ನು ಯಾರೂ ಹಾಗೆನ್ನಲಾರರು. ನಾನು ಇಪ್ಪತ್ತು ವರ್ಷಗಳಿಂದ ಬೆಂಗಳೂರಿನಲ್ಲಿ ಗೃಹಕಾರ್ಮಿಕರು ಮತ್ತು ಮನೆಯವರ ನಡುವಿನ ತಕರಾರುಗಳನ್ನು ಎದುರು ಕೂತು ಕೇಳುತ್ತ ಬಂದವಳು. ಅವುಗಳಲ್ಲಿ ಬಹುಪಾಲು ಕ್ರೂರಿಗಳ ಮನೆಯಿಂದ ಬಂದವಲ್ಲ. ಒಳ್ಳೆಯ ಮನಸ್ಸಿನವರ ಮನೆಯಿಂದ, ಲೆಕ್ಕವನ್ನು ಒಂದೇ ಕಡೆಯಿಂದ ಇಟ್ಟುಕೊಂಡು ಬಂದವರ ಮನೆಯಿಂದ ಬಂದವು. ಬಾರದ ದಿನ ಕ್ಯಾಲೆಂಡರಿನ ಮೇಲೆ ಗುರುತಾಗುತ್ತದೆ, ಹೆಚ್ಚಿಗೆ ದುಡಿದ ಗಂಟೆ ಎಲ್ಲಿಯೂ ಗುರುತಾಗುವುದಿಲ್ಲ. ಹೆಚ್ಚಿನ ಕೆಲಸಕ್ಕೆ 'ಮನೆಯವರ ಹಾಗೆ' ಎಂಬ ಲೆಕ್ಕ, ರಜೆಗೆ ಕಾರ್ಖಾನೆಯ ಲೆಕ್ಕ. ಅವರು ಮಾತು ಬಿಟ್ಟದ್ದು 267 ರೂಪಾಯಿಗಾಗಿ ಅಲ್ಲ ಎಂದು ನನಗೆ ಅನ್ನಿಸುತ್ತದೆ. ಒಂಬತ್ತು ವರ್ಷ ತಾನು ಯಾವ ಲೆಕ್ಕದಲ್ಲಿ ಈ ಮನೆಯಲ್ಲಿದ್ದೆ ಎಂಬುದು ಆ ದಿನ ಅವರಿಗೆ ಕಂಡಿರಬೇಕು.

ಇನ್ನು ರಜೆಯ ವಿಷಯ. ಬಾರದ ದಿನದ ಸಂಬಳ ಹಿಡಿಯುವುದು ಅದಷ್ಟಕ್ಕೆ ಕಾನೂನಿಗೆ ವಿರುದ್ಧವಲ್ಲ. ಆದರೆ ಅದಕ್ಕೆ ಮೊದಲು ರಜೆ ಎಂಬುದೊಂದು ಇರಬೇಕು. ಏಳು ದಿನಕ್ಕೊಂದು ವಿಶ್ರಾಂತಿಯ ದಿನ ಎಂಬ ಕಲ್ಪನೆ 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಇತ್ತು. ಮಾಸಿಕ ವೇತನದಿಂದ ದಿನದ ದರ ತೆಗೆಯುವಾಗ 30ರಿಂದ ಭಾಗಿಸದೆ 26ರಿಂದ ಭಾಗಿಸುವ ರೂಢಿ ಬಂದದ್ದೂ ಇದರಿಂದಲೇ: ನಾಲ್ಕು ದಿನದ ವಿಶ್ರಾಂತಿ ಸಂಬಳದೊಳಗೇ ಸೇರಿದೆ. ಮನೆಗೆಲಸವನ್ನು ಈ ಕಾಯ್ದೆಯ ಪಟ್ಟಿಗೆ ಸೇರಿಸಿ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದು 2004ರಲ್ಲಿ ಆಯಿತು, ಮತ್ತು ಅದರ ಹಿಂದೆ ಬೆಂಗಳೂರಿನ ಗೃಹಕಾರ್ಮಿಕ ಹೆಂಗಸರ ಸಂಘಟನೆಗಳ ಹಲವು ವರ್ಷಗಳ ಹೋರಾಟವಿತ್ತು. ಈ ಲೆಕ್ಕದಲ್ಲಿ ನೋಡಿದರೆ ನಿಮ್ಮ ಮನೆಯಲ್ಲಿ ದುಡಿಯುವವರಿಗೆ ಆ ತಿಂಗಳು ನಾಲ್ಕು ದಿನದ ವಿಶ್ರಾಂತಿ ಸಲ್ಲಬೇಕಿತ್ತು. ಅವರು ತೆಗೆದುಕೊಂಡದ್ದು ಎರಡು. ಹೇಳದೆ ತೆಗೆದುಕೊಂಡರು ಎಂಬುದು ನಿಮ್ಮ ನಿಜವಾದ ದೂರು, ಅದರಲ್ಲಿ ಹುರುಳಿದೆ. ಬೆಳಗ್ಗೆ ಸಿಂಕು ತುಂಬಿಕೊಂಡು ಕಾಯುವ ಕಷ್ಟ ನನಗೂ ಗೊತ್ತು. ಆದರೆ ಕೇಳಿದರೆ ಮಾತ್ರ ಸಿಗುವ ರಜೆ ರಜೆಯಲ್ಲ, ಅದು ಪ್ರತಿ ಸಲವೂ ಬೇಡಿ ಪಡೆಯಬೇಕಾದ ಅನುಮತಿ. ಕೇಳಿದಾಗ 'ನಾಳೆ ನಮ್ಮವರು ಬರುತ್ತಿದ್ದಾರಲ್ಲ' ಎಂಬ ಉತ್ತರ ನಾಲ್ಕು ಸಲ ಬಂದರೆ ಐದನೆಯ ಸಲ ಯಾರೂ ಕೇಳುವುದಿಲ್ಲ, ಸುಮ್ಮನೆ ಬರುವುದಿಲ್ಲ, ಫೋನನ್ನೂ ಎತ್ತುವುದಿಲ್ಲ.

ಇದರಲ್ಲಿ ಇನ್ನೊಂದು ತೊಡಕಿದೆ, ಅದನ್ನು ಮನೆಯವರು ಗಮನಿಸುವುದು ಕಡಿಮೆ. ನಿಮ್ಮ ಮನೆಯ ಎರಡು ಗಂಟೆಯ ಕೆಲಸದಿಂದ ಅವರ ಸಂಸಾರ ನಡೆಯುವುದಿಲ್ಲ. ಬಹುಶಃ ಇನ್ನೂ ಎರಡು ಮೂರು ಮನೆಗಳಿವೆ. ನೀವು ಭಾನುವಾರ ರಜೆ ಕೊಟ್ಟು, ಮೂರನೆಯ ಮಹಡಿಯವರು ಬುಧವಾರ ಕೊಟ್ಟು, ಎದುರು ಮನೆಯವರು ಕೊಡದೇ ಇದ್ದರೆ ಆಕೆಗೆ ಒಂದು ದಿನವೂ ರಜೆ ಸಿಕ್ಕಂತಾಗಲಿಲ್ಲ. ಎರಡು ಗಂಟೆ ಕಡಿಮೆ ದುಡಿದರು ಅಷ್ಟೇ. ಬೆಳಗ್ಗೆ ಎದ್ದು ಬಸ್ಸು ಹಿಡಿದು ಬರುವುದು ತಪ್ಪಲಿಲ್ಲ. ಮಗುವನ್ನು ಆಸ್ಪತ್ರೆಗೆ ತೋರಿಸಲು, ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲಲು, ಅಥವಾ ಏನೂ ಮಾಡದೆ ಮಲಗಲು ಬೇಕಾಗುವುದು ಇಡೀ ಒಂದು ದಿನ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಗೃಹಕಾರ್ಮಿಕರ ಕುರಿತು ಮಾಡಿದ 189ನೆಯ ಒಡಂಬಡಿಕೆ ವಾರದ ವಿಶ್ರಾಂತಿಯನ್ನು ಹೇಳುವಾಗ 'ಒಂದೇ ಸಮನೆ 24 ಗಂಟೆ' ಎಂದು ಬಿಡಿಸಿ ಹೇಳಿರುವುದು ಈ ಕಾರಣಕ್ಕೇ. ಭಾರತ ಅದರ ಪರವಾಗಿ ಮತ ಹಾಕಿತು, ಅನುಮೋದಿಸಿ ಕಾನೂನಾಗಿ ಒಪ್ಪಿಕೊಳ್ಳಲಿಲ್ಲ. ಹಾಗಾಗಿ ಆ ದಿನವನ್ನು ಕೂಡಿಸಿ ಕೊಡುವ ಕೆಲಸ ನಿಮ್ಮ ಮತ್ತು ಅಕ್ಕಪಕ್ಕದ ಮನೆಗಳ ಮೇಲೆಯೇ ಬೀಳುತ್ತದೆ. ಅವರು ದುಡಿಯುವ ಬೇರೆ ಮನೆಗಳು ಯಾವುವೆಂದು ಕೇಳಿ, ಅವರೊಂದಿಗೆ ಮಾತಾಡಿ, ಎಲ್ಲರೂ ಒಂದೇ ದಿನಕ್ಕೆ ಒಪ್ಪಿಕೊಳ್ಳಿ. ನಾನು ಕಂಡಂತೆ ಇದು ಹತ್ತು ನಿಮಿಷದ ಮಾತು, ಆದರೆ ಯಾರಾದರೂ ಮೊದಲು ಬಾಯಿಬಿಡಬೇಕು, ಮತ್ತು ಆ ಮಾತು ದುಡಿಯುವವರ ಬಾಯಿಂದ ಬಂದರೆ ಅದಕ್ಕೆ ಅಷ್ಟು ಬೆಲೆ ಸಿಗುವುದಿಲ್ಲ.

ಸಾಲದ ಬಗ್ಗೆ ನೀವು ಹೆಮ್ಮೆಯಿಂದ ಬರೆದಿದ್ದೀರಿ. ಬಡ್ಡಿ ಕೇಳದೆ ಕೊಟ್ಟಿದ್ದರೆ ಹೆಮ್ಮೆಪಡುವ ವಿಷಯವೇ. ಚೀಟಿಯಲ್ಲೋ ಮೀಟರ್ ಬಡ್ಡಿಯವರಲ್ಲೋ ತೆಗೆದುಕೊಂಡಿದ್ದರೆ ಅವರ ಗತಿ ಏನಾಗುತ್ತಿತ್ತೆಂದು ನನಗೆ ಗೊತ್ತು. ಆದರೂ ಅದರ ಇನ್ನೊಂದು ಮುಖವನ್ನು ನೋಡಬೇಕು. ನಿಮಗೆ 20,000 ಕೊಡಬೇಕಾಗಿರುವ ಮನುಷ್ಯರು ನಿಮ್ಮ ಮನೆಯ ಕೆಲಸವನ್ನು ನಾಳೆ ಬಿಡಬಲ್ಲರೇ? ಎದುರು ಬೀದಿಯಲ್ಲಿ 5,500 ಕೊಡುವವರು ಸಿಕ್ಕರೆ ಹೋಗಬಲ್ಲರೇ? 'ನೆಂಟರು ಬಂದಾಗ ಹೆಚ್ಚಿಗೆ ಕೊಡಿ' ಎಂದು ಕೇಳಬಲ್ಲರೇ? ಸಾಲ ಕೊಟ್ಟ ದಿನದಿಂದ ಅವರ ನಾಲಿಗೆಯ ಮೇಲೆ ಒಂದು ಭಾರ ಕೂತಿರುತ್ತದೆ. ನೀವದನ್ನು ಇಡದಿದ್ದರೂ ಅದು ಅಲ್ಲಿರುತ್ತದೆ. ಮುಂಗಡ ಕೊಟ್ಟು, ಅದು ತೀರುವ ತನಕ ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ನಿಮ್ಮ ಮನೆಯಲ್ಲಿ ನಡೆದಿರುವುದು ಜೀತವೆಂದು ನಾನು ಖಂಡಿತ ಹೇಳುತ್ತಿಲ್ಲ. ಆದರೆ ಆ ಕಾಯ್ದೆ ಗುರುತಿಸಿದ ಗಂಟು ಇದೇ: ಸಾಲವೂ ದುಡಿಮೆಯೂ ಒಂದಕ್ಕೊಂದು ಹೆಣೆದುಕೊಂಡರೆ ದುಡಿಯುವವರು ಬೇಡವೆನ್ನುವ ಶಕ್ತಿಯನ್ನು ಕಳೆದುಕೊಳ್ಳುತ್ತಾರೆ.

ಈ ಗಂಟನ್ನು ಬಿಡಿಸುವುದು ಸುಲಭ. ಸಾಲದ ಲೆಕ್ಕವನ್ನು ಸಂಬಳದ ಲೆಕ್ಕದಿಂದ ಬೇರೆ ಮಾಡಿ. ಒಂದು ಹಾಳೆಯಲ್ಲಿ ಉಳಿದ ಮೊತ್ತ, ತಿಂಗಳಿಗೆ ಎಷ್ಟು, ಯಾವ ತಿಂಗಳಿಗೆ ಮುಗಿಯುತ್ತದೆ ಎಂದು ಬರೆಯಿರಿ. ತಿಂಗಳಿಗೆ 1,000 ಆದರೆ ಇಪ್ಪತ್ತು ತಿಂಗಳು. ಕೆಲಸ ಬಿಟ್ಟರೂ ಇದೇ ಕಂತಿನಲ್ಲಿ ಕೊಡಬಹುದು, ಒಮ್ಮೆಗೇ ಕೊಡಬೇಕಾಗಿಲ್ಲ ಎಂಬ ಒಂದು ಸಾಲನ್ನು ಅದರ ಕೆಳಗೆ ಸೇರಿಸಿ. ಆ ಒಂದು ಸಾಲನ್ನು ಬರೆಯಲು ನಿಮ್ಮ ಕೈ ಹಿಂಜರಿದರೆ, ಏಕೆ ಹಿಂಜರಿಯಿತು ಎಂದು ಸ್ವಲ್ಪ ಹೊತ್ತು ಯೋಚಿಸಿ. ನಾವು ಕೊಟ್ಟದ್ದು ನೆರವೋ ಹಗ್ಗವೋ ಎಂಬುದು ಅಲ್ಲಿ ತಿಳಿಯುತ್ತದೆ.

ಈಗ ನಿಮ್ಮ ಮಗಳ ಪ್ರಶ್ನೆ. ಬೇರೆ ಲೋಟ ಇಟ್ಟವರನ್ನು ಕೇಳಿದಾಗಲೆಲ್ಲ ನನಗೆ ಸಿಕ್ಕ ಉತ್ತರ ಒಂದೇ: ಜಾತಿಯಲ್ಲಮ್ಮ, ಶುಚಿತ್ವ. ಈ ಮಾತನ್ನು ಅವರು ನಂಬಿಯೇ ಹೇಳುತ್ತಾರೆ. ಆದರೆ ಅದೇ ಕೈ ದಿನವೂ ನಿಮ್ಮ ತಟ್ಟೆ, ನಿಮ್ಮ ಮಗುವಿನ ಹಾಲಿನ ಬಟ್ಟಲು, ದೇವರ ಮನೆಯ ನೆಲ ಎಲ್ಲವನ್ನೂ ಮುಟ್ಟುತ್ತದೆ. ಆ ಕೈಯಿಂದ ರೋಗ ಬರುವುದಾದರೆ ನೀವು ಉಣ್ಣುವ ತಟ್ಟೆಯಿಂದಲೇ ಬರಬೇಕು, ಅವರು ಕುಡಿದು ತೊಳೆದಿಟ್ಟ ಲೋಟದಿಂದ ಬರಬೇಕಾಗಿಲ್ಲ. ಹಾಗಾದರೆ ಲೋಟ ಬೇರೆ ಮಾಡಿದ್ದು ರೋಗದಿಂದ ಕಾಪಾಡಿಕೊಳ್ಳಲು ಅಲ್ಲ. ನಮ್ಮ ಹಳ್ಳಿಯ ಹೋಟೆಲುಗಳಲ್ಲಿ ದಲಿತರಿಗೆಂದು ಹೊರಗಡೆ ಗೂಡಿನಲ್ಲಿ ಬೇರೆ ಲೋಟ ಇಡುತ್ತಿದ್ದ ಪದ್ಧತಿಯನ್ನು ಕಂಡವರು ಈಗಲೂ ನಮ್ಮ ನಡುವೆ ಇದ್ದಾರೆ. ಅದನ್ನು ತೆಗೆಸಲು ಪೆಟ್ಟು ತಿಂದವರೂ ಇದ್ದಾರೆ. ಅಂಗಡಿಯಲ್ಲಿ ಹಾಗೆ ಮಾಡಿದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅದನ್ನು ಅಪರಾಧವೆನ್ನುತ್ತದೆ. ಅದೇ ಗೂಡು ಅಪಾರ್ಟ್‌ಮೆಂಟಿನ ಅಡುಗೆಮನೆಯ ಕಿಟಕಿಯ ಕಟ್ಟೆಗೆ ಬಂದು ಕೂತಾಗ ಅದನ್ನು ನೋಡಲು ಯಾವ ಅಧಿಕಾರಿಯೂ ಬರುವುದಿಲ್ಲ. ನೀವು ಅವರ ಜಾತಿಯನ್ನು ಒಮ್ಮೆಯೂ ಕೇಳಿರಲಿಕ್ಕಿಲ್ಲ. ಜಾತಿ ಕೇಳದವರ ಮನೆಯಲ್ಲೂ ಜಾತಿಯ ಅಭ್ಯಾಸ ಮುಂದುವರಿಯಬಲ್ಲದು ಎಂಬುದನ್ನು ನಿಮ್ಮ ಮಗಳು ಕಂಡಿದ್ದಾಳೆ. ಅವಳು ಹೇಳಿದ್ದು ಸರಿ.

ಲೋಟಕ್ಕಿಂತ ದೊಡ್ಡ ಪ್ರಶ್ನೆಯೊಂದು ನಿಮ್ಮ ಪತ್ರದಲ್ಲಿ ಇಲ್ಲ. ಅವರು ನಿಮ್ಮ ಬಚ್ಚಲು ತೊಳೆಯುತ್ತಾರೆ. ನಿಮ್ಮ ಶೌಚಾಲಯವನ್ನು ಬಳಸುತ್ತಾರೆಯೇ? ಕೆಲವು ವರ್ಷಗಳ ಹಿಂದೆ ನನ್ನ ಎದುರಿಗೆ ಬಂದ ಒಂದು ತಕರಾರು ಸಂಬಳದ್ದು. ಮಾತಿನ ನಡುವೆ ಆ ಹೆಂಗಸಿನ ಆಸ್ಪತ್ರೆಯ ಚೀಟಿಗಳು ಹೊರಬಂದವು: ಮೂರು ವರ್ಷದಲ್ಲಿ ನಾಲ್ಕು ಸಲ ಮೂತ್ರದ ಸೋಂಕು. ಬೆಳಗ್ಗೆ ಆರೂವರೆಗೆ ಮನೆ ಬಿಟ್ಟರೆ ಮಧ್ಯಾಹ್ನ ಎರಡಕ್ಕೆ ಮರಳುವುದು. ನಡುವೆ ನಾಲ್ಕು ಮನೆ, ಏಳು ಶೌಚಾಲಯಗಳನ್ನು ತೊಳೆಯುವುದು. ಬಳಸಲು ಒಂದೂ ಇಲ್ಲ. ಹಾಗಾಗಿ ಬೆಳಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಮನೆಯವರು ಕಾಫಿ ಕೊಟ್ಟರೂ ಬೇಡವೆನ್ನುತ್ತಿದ್ದರು, ಅವರು ಅದನ್ನು ಸಂಕೋಚವೆಂದು ತಿಳಿದಿದ್ದರು. ಮುಟ್ಟಿನ ದಿನಗಳಲ್ಲಿ ಬಸ್‌ ನಿಲ್ದಾಣದ ಶೌಚಾಲಯದ ತನಕ ನಡೆದು ಹೋಗಿ ಬರುತ್ತಿದ್ದರು, 'ಮಧ್ಯೆ ಎಲ್ಲಿ ಹೋಗಿದ್ದೆ' ಎಂಬ ಪ್ರಶ್ನೆಗೆ ಸುಳ್ಳು ಹೇಳುತ್ತಿದ್ದರು. ಮನೆಯೊಡತಿ ನಿಜವಾಗಿಯೂ ನೊಂದು ಹೇಳಿದರು: "ನಾನು ಬೇಡ ಅಂತ ಯಾವತ್ತೂ ಅಂದಿಲ್ಲವಲ್ಲ." ಆ ಹೆಂಗಸು ತಲೆಯೆತ್ತದೆ, "ಅದನ್ನ ಹೆಂಗೆ ಕೇಳೋದಮ್ಮ" ಎಂದರು. ನಾನು ಆ ದಿನದ ಟಿಪ್ಪಣಿಯಲ್ಲಿ ಸಂಬಳದ ಮೊತ್ತವನ್ನು ಬರೆದುಕೊಂಡದ್ದು ನೆನಪಿದೆ, ಆದರೆ ಆ ಎರಡು ಮಾತುಗಳೇ ತಕರಾರಿನ ತಿರುಳಾಗಿದ್ದವು. ಬೇಡವೆನ್ನದೇ ಇರುವುದು ಸಾಲುವುದಿಲ್ಲ. ಕೇಳಲಾರದವರಿಗೆ ಕೇಳುವ ಮೊದಲೇ, 'ಈ ಬಾತ್‌ರೂಮ್ ನೀವು ಬಳಸಿ, ಸೋಪು ಇಲ್ಲಿದೆ, ಪ್ಯಾಡ್ ಬೇಕಾದರೆ ಈ ಡ್ರಾಯರಿನಲ್ಲಿದೆ' ಎಂದು ಒಂದು ಸಲ ಬಾಯಿಬಿಟ್ಟು ಹೇಳಬೇಕು.

'ಮನೆಯವರ ಹಾಗೆ' ಎಂಬ ಮಾತಿನಲ್ಲಿ ಇರುವ ತೊಂದರೆ ಇದೇ. ಮನೆಯವರಿಗೆ ಯಾವ ಲೋಟ ಎಂದು ಕೇಳಬೇಕಾಗಿಲ್ಲ, ಶೌಚಾಲಯಕ್ಕೆ ಅನುಮತಿ ಬೇಕಾಗಿಲ್ಲ, ಎರಡು ದಿನ ಮಲಗಿದರೆ ಯಾರೂ ಹಣ ಹಿಡಿಯುವುದಿಲ್ಲ. ಅದಕ್ಕೆ ಬದಲಾಗಿ ಮನೆಯವರು ಸಂಬಳವನ್ನೂ ಕೇಳುವುದಿಲ್ಲ. ಈ ಮಾತಿನ ಮೊದಲರ್ಧವನ್ನು ಕೊಡದೆ ಎರಡನೆಯ ಅರ್ಧವನ್ನು ಮಾತ್ರ ನಾವು ನಿರೀಕ್ಷಿಸುತ್ತೇವೆ: ಮನೆಯವರ ಹಾಗೆ ಲೆಕ್ಕವಿಲ್ಲದೆ ದುಡಿಯಲಿ, ಕೆಲಸದವರ ಹಾಗೆ ಹೇಳಿದ್ದಕ್ಕೆ ಹ್ಞೂಂ ಎನ್ನಲಿ ಎಂದು. ನನ್ನ ಅಭಿಪ್ರಾಯದಲ್ಲಿ ಆ ಮಾತನ್ನು ಬಿಟ್ಟು, ಅವರು ನಿಮ್ಮ ಮನೆಗೆ ಬಂದು ಒಂದು ಕಸುಬು ಮಾಡುವ ಬೇರೊಂದು ಮನೆಯ ಯಜಮಾನಿ ಎಂದು ಎಣಿಸಿದರೆ ಬಹಳಷ್ಟು ಸಂಗತಿಗಳು ತಾವಾಗಿಯೇ ಸರಿದಾರಿಗೆ ಬರುತ್ತವೆ. ಪ್ರೀತಿ ಇದ್ದರೆ ಅದು ಇದರ ಮೇಲೆ ಬೆಳೆಯಲಿ, ಇದರ ಬದಲಿಗೆ ಬರುವುದು ಬೇಡ.

ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಬೇಗ ಸುಳಿವು ಕೊಡುತ್ತದೆ. ನೀವು ಪತ್ರದುದ್ದಕ್ಕೂ ಅವರನ್ನು ಬಹುವಚನದಲ್ಲಿ ಕರೆದಿದ್ದೀರಿ, ಅದನ್ನು ಓದಿ ನನಗೆ ಸಂತೋಷವಾಯಿತು. ಎದುರಿಗೂ ಹಾಗೆಯೇ ಕರೆಯುತ್ತೀರೆಂದು ನಂಬುತ್ತೇನೆ. ಹತ್ತು ವರ್ಷದ ಹುಡುಗನೊಬ್ಬ ಐವತ್ತೈದು ವರ್ಷದ ಡ್ರೈವರನ್ನು 'ಏಯ್, ಬಾಗಿಲು ತೆಗಿ' ಎಂದು ಕರೆಯುವುದನ್ನು, ಅಪ್ಪ ಅಮ್ಮ ಪಕ್ಕದಲ್ಲೇ ಕೂತು ಕೇಳಿಸಿಕೊಂಡು ಸುಮ್ಮನಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಉತ್ತರ ಕರ್ನಾಟಕದ ಸಲುಗೆಯ ಏಕವಚನದ ಮಾತು ಬೇರೆ. ಅಲ್ಲಿ ಅದು ಎರಡೂ ಕಡೆಯಿಂದ ಹರಿಯುತ್ತದೆ. ಒಬ್ಬರು 'ನೀನು' ಎಂದು, ಇನ್ನೊಬ್ಬರು 'ನೀವು' ಎಂದು, ವಯಸ್ಸು ತಲೆಕೆಳಗಾಗಿದ್ದರೂ ಹಾಗೆಯೇ ನಡೆಯುತ್ತಿದ್ದರೆ ಅದು ಸಲುಗೆಯಲ್ಲ.

ಡ್ರೈವರ್ ಎಂದೆ, ಅವರ ಸಂಗತಿಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ, ಏಕೆಂದರೆ ಅಲ್ಲಿಯೂ ಅಳತೆಗೋಲು ಇದೇ. ಮದುವೆ ಮನೆಯ ಹೊರಗೆ, ಮಾಲಿನ ನೆಲಮಾಳಿಗೆಯಲ್ಲಿ ನಾಲ್ಕು ಗಂಟೆ ಕಾಯುವುದೂ ಕೆಲಸ. ತನ್ನ ಹೊತ್ತನ್ನು ತನ್ನಿಷ್ಟದಂತೆ ಬಳಸಲಾಗದ ಸಮಯವನ್ನು ದುಡಿಮೆಯ ಸಮಯವೆಂದೇ ಎಣಿಸುವ ತತ್ವವನ್ನು ನಾನು ಮೇಲೆ ಹೇಳಿದ ಒಡಂಬಡಿಕೆಯೂ ಒಪ್ಪುತ್ತದೆ. ರಾತ್ರಿ ಹನ್ನೊಂದಕ್ಕೆ ಬಿಟ್ಟು ಬೆಳಗ್ಗೆ ಆರಕ್ಕೆ ಬರಹೇಳಿದರೆ ಅವರು ಮಲಗುವುದು ಎಷ್ಟು ಗಂಟೆ ಎಂಬುದನ್ನು, ಅದೇ ಕಾರಿನಲ್ಲಿ ಕೂರುವ ನಿಮ್ಮ ಸುರಕ್ಷತೆಗಾದರೂ ಲೆಕ್ಕ ಹಾಕಬೇಕು. ಇನ್ನು ಮನೆಯ ಮುಂದೆ ಕಸ ಎತ್ತುವ ಪೌರಕಾರ್ಮಿಕರನ್ನು ನೀವು ಕಾಣುವುದು ಅರ್ಧ ನಿಮಿಷ. ಅವರ ಬಗೆಗಿನ ನಿಮ್ಮ ನಡತೆ ಇರುವುದು ನಗುವಿನಲ್ಲಲ್ಲ, ಡಬ್ಬಿಯೊಳಗೆ. ಒಡೆದ ಗಾಜು, ಬ್ಲೇಡು, ಬಳಸಿದ ಪ್ಯಾಡು, ಮಗುವಿನ ಡಯಾಪರ್ ಇವನ್ನು ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆ ಕೊಡುವ ಮನೆಗೂ, ಎಲ್ಲವನ್ನೂ ಅನ್ನ-ಸಾರಿನ ಜೊತೆ ಒಂದೇ ಚೀಲದಲ್ಲಿ ಗಂಟು ಹಾಕಿ ಎಸೆಯುವ ಮನೆಗೂ ಇರುವ ವ್ಯತ್ಯಾಸವನ್ನು ಆ ಚೀಲ ಬಿಚ್ಚಿ ಬೇರ್ಪಡಿಸುವ ಕೈ ಬಲ್ಲದು.

ನೀವು ಕೇಳದ ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮಾತು ಬಿಟ್ಟ ಮನೆಯಲ್ಲಿ ಅದು ಎಂದಾದರೂ ಎದುರಾಗಬಹುದು. ಏನಾದರೂ ಕಳೆದಾಗ ಏನು ಮಾಡುತ್ತೀರಿ? ಒಂದು ಮನೆಯಲ್ಲಿ ಒಂದು ಜೊತೆ ಓಲೆಯಲ್ಲಿ ಒಂದು ಕಾಣಲಿಲ್ಲ. ಆ ದಿನ ಮಧ್ಯಾಹ್ನವೇ ಕೆಲಸದವರ ಚೀಲ ಜಾಲಾಡಿದರು, ಸಂಜೆ ಅಪಾರ್ಟ್‌ಮೆಂಟಿನ ಗೇಟಿಗೆ ಹೇಳಿ ಅವರ ಪ್ರವೇಶ ನಿಲ್ಲಿಸಿದರು. ಗೇಟು ಮುಚ್ಚಿದಾಗ ಅದೇ ಕಟ್ಟಡದ ಉಳಿದ ಮೂರು ಮನೆಗಳ ಕೆಲಸವೂ ಹೋಯಿತು. ಹತ್ತು ದಿನದ ಮೇಲೆ ಓಲೆ ವಾಷಿಂಗ್ ಮಷಿನ್ನಿನ ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ಸಿಕ್ಕಿತು. ಗೇಟಿಗೆ ಫೋನು ಹೋಯಿತು, ಆದರೆ ಆ ಮೂರು ಮನೆಗಳಲ್ಲಿ ಆಗಲೇ ಬೇರೆಯವರು ಬಂದಿದ್ದರು. ನಮ್ಮ ಕಾನೂನಿನಲ್ಲೇ ಈ ಅಸಮತೋಲವಿದೆ. 1860ರ ದಂಡಸಂಹಿತೆ ಸಾಮಾನ್ಯ ಕಳ್ಳತನಕ್ಕೆ ಮೂರು ವರ್ಷದ ತನಕ ಶಿಕ್ಷೆ ಇಟ್ಟು, ಆಳು ಯಜಮಾನನ ಸ್ವತ್ತನ್ನು ಕದ್ದರೆ ಏಳು ವರ್ಷದ ತನಕ ಎಂದಿತು. ಈಗಿನ ಭಾರತೀಯ ನ್ಯಾಯ ಸಂಹಿತೆ ಕೂಡ 306ನೆಯ ಸೆಕ್ಷನ್ನಿನಲ್ಲಿ ಅದನ್ನೇ ಉಳಿಸಿಕೊಂಡಿದೆ. ದುಡಿಸಿಕೊಂಡು ಸಂಬಳ ಕೊಡದೆ ಉಳಿಸಿಕೊಂಡ ಮನೆಯವರ ಮೇಲೆ ಮಾತ್ರ ಯಾರೂ ಕಳ್ಳತನದ ಕೇಸು ಹಾಕುವುದಿಲ್ಲ. ಆದ್ದರಿಂದ ವಸ್ತು ಕಾಣದಿದ್ದರೆ ಮೊದಲು ಮನೆಯವರೆಲ್ಲ ಸೇರಿ ಎರಡು ದಿನ ಪೂರ್ತಿ ಹುಡುಕಿ. ಕೆಲಸದವರನ್ನು ಕೇಳುವುದಾದರೆ ಮನೆಯ ಉಳಿದವರನ್ನು ಕೇಳಿದ ಮಾತಿನಲ್ಲೇ ಕೇಳಿ: 'ಇಂಥದ್ದು ಕಾಣುತ್ತಿಲ್ಲ, ಗುಡಿಸುವಾಗ ಕಂಡಿತೇ?' ಚೀಲ ಮುಟ್ಟಬೇಡಿ. ಗಟ್ಟಿಯಾದ ಕಾರಣವಿಲ್ಲದೆ ಪೊಲೀಸರಿಗೆ ಅವರ ಹೆಸರನ್ನು ಕೊಡಬೇಡಿ. ಠಾಣೆಯಲ್ಲಿ ಕಳೆದ ಒಂದು ಸಂಜೆಯ ಕಳಂಕ ಬೀದಿಯಲ್ಲಿ ಉಳಿದುಹೋಗುತ್ತದೆ.

ಇನ್ನು ನಿಮ್ಮ ಮನೆಯಲ್ಲಿ ಈಗ ಮಾಡಬೇಕಾದದ್ದು. ಅವರು ಕೆಲಸ ಮುಗಿಸಿ ಹೊರಡುವ ಅವಸರದಲ್ಲಿರುವಾಗ ಬೇಡ, ಮುಂದಿನ ಮನೆಗೆ ತಡವಾಗುತ್ತದೆ. ಅವರಿಗೆ ಅನುಕೂಲವಾದ ಹೊತ್ತನ್ನು ಕೇಳಿ, ಕೂರಿಸಿ ಮಾತಾಡಿ. ಕುರ್ಚಿಯ ಮೇಲೆ ಕೂರಿಸಿ, ನೀವು ಸೋಫಾದಲ್ಲಿ ಅವರು ನೆಲದಲ್ಲಿ ಕೂತು ಆಡುವ ಮಾತು ಬೇರೆಯೇ ಆಗುತ್ತದೆ. ಮೊದಲು ಆ ಎರಡು ದಿನ ಏನಾಗಿತ್ತೆಂದು ಕೇಳಿ. ನೀವು ಇದುವರೆಗೆ ಕೇಳಿದ್ದೀರೆಂದು ನಿಮ್ಮ ಪತ್ರದಿಂದ ನನಗೆ ತಿಳಿಯಲಿಲ್ಲ. ಆಮೇಲೆ ಹಿಡಿದ 267 ರೂಪಾಯಿ ಮತ್ತು ನೆಂಟರಿದ್ದ ದಿನಗಳ 600, ಒಟ್ಟು 867 ರೂಪಾಯಿಯನ್ನು ಕೊಡಿ. ಕೊಡುವಾಗ 'ಇಟ್ಟುಕೊಳ್ಳಿ, ಏನಾದರೂ ಖರ್ಚಿಗೆ' ಎನ್ನಬೇಡಿ. ಹಾಗೆಂದರೆ ಅದು ಮತ್ತೆ ಇನಾಮಾಗುತ್ತದೆ, ಅದಕ್ಕೆ ಮತ್ತೆ ಕೃತಜ್ಞತೆ ಕೊಡಬೇಕಾಗುತ್ತದೆ. 'ಇದು ರಜೆಯ ದಿನದ್ದು, ಇದು ನೀವು ಹೆಚ್ಚಿಗೆ ದುಡಿದದ್ದರದ್ದು, ನಾವು ಲೆಕ್ಕ ತಪ್ಪಿದ್ದೆವು' ಎಂದು ಹೇಳಿದರೆ ಸಾಕು.

ಅನಂತರ ಸಂಬಳದ ಮಾತಾಡಿ. ರಾಜ್ಯ ಸರ್ಕಾರ ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರಿಸಿ ಕನಿಷ್ಠ ವೇತನದ ದರವನ್ನು ಪ್ರಕಟಿಸುತ್ತದೆ. ಕಾರ್ಮಿಕ ಇಲಾಖೆಯ ಆ ದರವನ್ನು ನೋಡಿ ನಿಮ್ಮ ಗಂಟೆಯ ಲೆಕ್ಕದೊಂದಿಗೆ ಹೋಲಿಸಿ, ಮತ್ತು ಅದು ಕನಿಷ್ಠ ಎಂಬುದನ್ನು ನೆನಪಿಡಿ. ಒಂಬತ್ತು ವರ್ಷದ ಅನುಭವ ಇರುವವರಿಗೆ ಯಾವ ಕಚೇರಿಯೂ ಕನಿಷ್ಠವನ್ನು ಕೊಡುವುದಿಲ್ಲ. ವಾರದ ರಜೆ ಯಾವ ದಿನ, ನೆಂಟರು ಬಂದರೆ ದಿನಕ್ಕೆ ಎಷ್ಟು ಹೆಚ್ಚು, ಜ್ವರ ಬಂದರೆ ಯಾರಿಗೆ ಎಷ್ಟು ಹೊತ್ತಿಗೆ ಫೋನು, ನೀವು ಊರಿಗೆ ಹೋಗಿ ಮನೆಗೆ ಬೀಗ ಹಾಕಿದ ದಿನಗಳಿಗೆ ಪೂರ್ತಿ ಸಂಬಳ, ಇವನ್ನೆಲ್ಲ ಮಾತಾಡಿ ಗೊತ್ತುಮಾಡಿಕೊಳ್ಳಿ. ಕೊನೆಯದನ್ನು ಒತ್ತಿ ಹೇಳುತ್ತಿದ್ದೇನೆ: ನೀವು ಊರಿಗೆ ಹೋದದ್ದು ಅವರ ರಜೆಯಲ್ಲ. ಫೋನು ಮಾಡದೆ ತಪ್ಪಿಸಿಕೊಳ್ಳಬಾರದೆಂಬ ನಿಮ್ಮ ಬೇಡಿಕೆಯನ್ನೂ ಆಗಲೇ ಹೇಳಿ. ಎರಡೂ ಕಡೆಯ ಮಾತು ಒಟ್ಟಿಗೆ ಬಂದಾಗ ಅದು ಒಪ್ಪಂದವಾಗುತ್ತದೆ, ಗದರಿಕೆಯಾಗುವುದಿಲ್ಲ.

ಲೋಟದ ಬಗ್ಗೆ ಭಾಷಣ ಬೇಡ, ಕ್ಷಮೆ ಕೇಳುವ ದೊಡ್ಡ ದೃಶ್ಯವೂ ಬೇಡ. ಅದರಿಂದ ಅವರಿಗೇ ಮುಜುಗರವಾಗುತ್ತದೆ. ಕಿಟಕಿಯ ಕಟ್ಟೆಯ ಮೇಲಿರುವ ಆ ಲೋಟವನ್ನು ತೆಗೆದು ಉಳಿದವುಗಳ ಜೊತೆ ಸ್ಟ್ಯಾಂಡಿನಲ್ಲಿಡಿ. ಮಾತಾಡಲು ಕೂತಾಗ ಎಲ್ಲರಿಗೂ ಒಂದೇ ಬಗೆಯ ಲೋಟದಲ್ಲಿ ಕಾಫಿ ತನ್ನಿ. ಮೊದಲ ದಿನ ಅವರೇ ಅಡುಗೆಮನೆಗೆ ಹೋಗಿ ಹಳೆಯ ಲೋಟವನ್ನು ಹುಡುಕಬಹುದು. ಹಾಗಾದರೆ ಸುಮ್ಮನಿರಿ, ಎರಡನೆಯ ವಾರಕ್ಕೆ ಹುಡುಕುವುದಿಲ್ಲ.

ಮಾತಾಡಿದ್ದನ್ನು ಎರಡು ಹಾಳೆಗಳಲ್ಲಿ ಬರೆಯಿರಿ, ಒಂದರಲ್ಲಿ ಸಂಬಳ ಮತ್ತು ರಜೆ, ಇನ್ನೊಂದರಲ್ಲಿ ಸಾಲ. ನಿಮ್ಮ ಮಗಳೇ ಬರೆಯಲಿ, ದಪ್ಪ ಅಕ್ಷರದಲ್ಲಿ. ಎರಡರದ್ದೂ ಒಂದೊಂದು ಪ್ರತಿ ಅವರ ಬಳಿ ಇರಲಿ; ಅವರಿಗೆ ಓದಲು ಬಾರದಿದ್ದರೆ ಮದುವೆಯಾದ ಆ ಮಗಳು ಊರಿಗೆ ಬಂದಾಗ ಓದಿ ಹೇಳುತ್ತಾಳೆ.